ಮಾತಲ್ಲಿ ಗೆಲ್ಲಲೇಬೇಕು ಅನ್ನೋ ಗಂಡ: ಫೈವ್ ಆಫ್ ಸ್ವೋರ್ಡ್ಸ್ ಪಕ್ಕ ನೈಟ್ ಬಿದ್ರೆ ಹೇಗೆ ಓದ್ತೀರಿ?

ಸಂಜೆಬಿಸಿಲು
ಎಲ್ಲರಿಗೂ ನಮಸ್ಕಾರ. ಒಂದು ಟ್ಯಾರೋ ರೀಡಿಂಗ್ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಕೇಳಿದವರ ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ, ಗುರುತು ಸಿಗೋ ವಿವರ ಏನೂ ಇಲ್ಲ.

ಮದುವೆಯಾಗಿ ಮೂರು ವರ್ಷ ಆಗಿರೋ ಹೆಣ್ಣುಮಗಳು. ಗಂಡ ಯಾವ ವಿಷಯ ತೆಗೆದರೂ ಕೊನೇ ಮಾತು ತನ್ನದೇ ಆಗೋವರೆಗೂ ಬಿಡಲ್ಲ ಅಂತಾರೆ. ಜಗಳ ಹೆಚ್ಚಾಗಿ ದುಡ್ಡಿನಿಂದ ಶುರುವಾಗುತ್ತೆ, ಅವನು ಊರಿಗೆ ಕಳಿಸೋ ಹಣದ ವಿಚಾರ. ಅವರ ಪ್ರಶ್ನೆ: "ನಮ್ಮ ಮಾತು ಪ್ರತಿ ಸಲ ಸೋಲು-ಗೆಲುವಿಗೆ ಯಾಕೆ ಹೋಗುತ್ತೆ, ನಾನೇನು ಮಾಡಬಹುದು?"

ರೈಡರ್-ವೇಟ್ ಡೆಕ್, ನಾಲ್ಕು ಕಾರ್ಡು. ಮೇಲೆ ಎಡಕ್ಕೆ ಅವರು, ಬಲಕ್ಕೆ ಗಂಡ, ಕೆಳಗೆ ಜಗಳದ ಬೇರು, ಮೇಲ್ತುದಿಯಲ್ಲಿ ಸಲಹೆ.

ಅವರು: ಫೈವ್ ಆಫ್ ಸ್ವೋರ್ಡ್ಸ್
ಗಂಡ: ನೈಟ್ ಆಫ್ ಸ್ವೋರ್ಡ್ಸ್
ಬೇರು: ಫೋರ್ ಆಫ್ ಪೆಂಟಕಲ್ಸ್
ಸಲಹೆ: ಫೋರ್ ಆಫ್ ಸ್ವೋರ್ಡ್ಸ್

ಎಲ್ಲವೂ ನೇರ, ಉಲ್ಟಾ ಯಾವುದೂ ಇಲ್ಲ. ಆಮೇಲೆ ಸ್ಪಷ್ಟ ಆಗ್ಲಿ ಅಂತ ಇನ್ನೂ ಮೂರು ಎಳೆದೆ: ಸನ್, ಟವರ್, ಟೂ ಆಫ್ ಕಪ್ಸ್. ಈಗ ಎಲ್ಲಾ ಗೋಜಲು. ಗಂಡನೇ ಫೈವ್‌ನಲ್ಲಿ ನಗ್ತಾ ನಿಂತಿರೋನು ಅಂತ ನನ್ನ ಓದು. ಸರೀನಾ?

ಕಾಫಿಗಿಡ
ಸರಿ ಅಲ್ದೆ ಇನ್ನೇನು. ನಗೋನು ಗಂಡ, ಅಳ್ತಾ ಹೋಗೋಳು ಹೆಂಡತಿ. ಪಕ್ಕದಲ್ಲೇ ಕತ್ತಿ ಎತ್ತಿಕೊಂಡು ಕುದುರೆ ಮೇಲೆ ಬರ್ತಿರೋ ನೈಟ್. ಎರಡೂ ಕತ್ತಿ ಕಾರ್ಡು, ಒಂದಕ್ಕೊಂದು ಬಲ ಕೊಡುತ್ವೆ. ಇದಕ್ಕಿಂತ ಸ್ಪಷ್ಟ ಬೇಕಾ?

ಮಲೆನಾಡ ಮಳೆ
ಬಲ ಕೊಡುತ್ವೆ ಅನ್ನೋದು ಒಪ್ಪಿದೆ. ಆದ್ರೆ ಫೈವ್ ಬಿದ್ದಿರೋದು ಹೆಂಡತಿ ಜಾಗದಲ್ಲಿ. ಅದನ್ನ ಎತ್ತಿ ಗಂಡನ ತಲೆಗೆ ಕಟ್ಟಿದ್ರೆ ಜಾಗಗಳನ್ನ ಇಟ್ಟಿದ್ದಾದ್ರೂ ಯಾಕೆ?

ಆ ಚಿತ್ರದಲ್ಲಿ ಮೂರು ಜನ ಇದ್ದಾರೆ. ಮುಂದೆ ನಿಂತವನು, ಬೆನ್ನು ತಿರುಗಿಸಿ ನಡೀತಿರೋನು, ಇನ್ನೂ ದೂರದಲ್ಲಿ ನೀರಿನ ಅಂಚಿಗೆ ಮುಖ ಮುಚ್ಚಿಕೊಂಡಿರೋನು. ಇವರಲ್ಲಿ ತಾನು ಯಾರು ಅನ್ನೋದನ್ನ ಕೇಳಿದವರೇ ಹೇಳಬೇಕು, ನಾವು ಊಹೆ ಮಾಡಬಾರದು. ಕಾರ್ಡನ್ನ ಅವರ ಕೈಗೆ ಕೊಡಿ, ಅರ್ಥ ಹೇಳಬೇಡಿ. "ಹೋದ ಸಲ ಜಗಳ ಮುಗಿದಾಗ ನೀವು ಇದರಲ್ಲಿ ಎಲ್ಲಿದ್ರಿ?" ಅಂತ ಮಾತ್ರ ಕೇಳಿ, ಸುಮ್ಮನಿರಿ. ಆಮೇಲೆ ಮುಂದಿನವನನ್ನ ಬೆರಳಲ್ಲಿ ಮುಚ್ಚಿ ಇನ್ನೊಂದು ಸಲ ಕೇಳಿ. ಎಷ್ಟೋ ಜನ ಮೊದಲು ಅಳ್ತಿರೋನನ್ನ ತೋರಿಸ್ತಾರೆ, ಎರಡನೇ ಸಲ ಬೆನ್ನು ತಿರುಗಿಸಿದವನ ಕಡೆ ಬೆರಳು ಹೋಗುತ್ತೆ. ಇವೆರಡರ ಮಧ್ಯೆ ತುಂಬ ವ್ಯತ್ಯಾಸ ಇದೆ. ಒಬ್ಬರು ನೊಂದು ಕೂತಿದ್ದಾರೆ, ಇನ್ನೊಬ್ಬರು "ನಿನ್ನ ಜೊತೆ ಮಾತಾಡಿ ಪ್ರಯೋಜನ ಇಲ್ಲ" ಅಂತ ಎದ್ದುಹೋಗಿದ್ದಾರೆ. ಮುಂದೆ ಹೇಳೋ ಸಲಹೆ ಇದರ ಮೇಲೇ ನಿಂತಿದೆ.

ಧಾರವಾಡ ಪೇಡೆ
ಮಳೆ ಅಕ್ಕಾರ ಹೇಳಿದ್ದು ಖರೇ ಅದ. ಇನ್ನೊಂದು ನೋಡ್ರಿ: ಕೆಲವೊಮ್ಮೆ ಕೇಳಾಕ ಬಂದವರೇ ಆ ನಗು ಮಾರಿಯವರು ಇರ್ತಾರ. "ಅವನು ಗೆಲ್ಲಬೇಕಂತ ವಾದ ಮಾಡ್ತಾನ" ಅಂತಾರ, ತಾವೂ ಬಿಟ್ಟುಕೊಡೂದಿಲ್ಲ. ಫೈವ್ ಅವರ ಜಾಗದಾಗ ಬಿದ್ದೈತಿ ಅಂದ್ರ ಆ ಬಾಗ್ಲಾ ಮುಚ್ಚಬ್ಯಾಡ್ರಿ. ಆದ್ರ "ನಿಮ್ಮದೇ ತಪ್ಪು" ಅಂತ ಮಾರಿ ಮ್ಯಾಲೆ ಹೇಳೂದೂ ಬ್ಯಾಡ.

ಕಾಫಿಗಿಡ
ಹೆಂಡತಿ ಕಷ್ಟ ಹೇಳ್ಕೊಂಡು ಬಂದ್ರೆ ಅವಳನ್ನೇ ಅಪರಾಧಿ ಮಾಡೋದಾ? ಚೆನ್ನಾಗಿದೆ.

ಧಾರವಾಡ ಪೇಡೆ
ಅಪರಾಧಿ ಅಂತ ನಾ ಎಲ್ಲಿ ಅಂದೆ ತಮ್ಮಾ? ಕೇಳಿ ತಿಳಕೋರಿ ಅಂದೆ.

ಹಳೇ ಡೆಕ್
ಇಬ್ಬರೂ ಸ್ವಲ್ಪ ತಡೀರಿ. ಈ ಜೋಡಿಯಲ್ಲಿ ಮುಖ್ಯವಾದದ್ದು ಇನ್ನೂ ಯಾರೂ ಮುಟ್ಟಿಲ್ಲ. ನೈಟ್ ಮತ್ತು ಫೈವ್ ಇಬ್ಬರೂ "ಜಗಳಗಂಟರು" ಅಂತ ಒಂದೇ ಗೋಣಿಗೆ ಹಾಕ್ತೀವಿ. ಅಲ್ಲಿಂದಲೇ ಓದು ಹಾಳಾಗೋದು.

ನೈಟ್ ಚಿತ್ರ ನೋಡಿ. ಕುದುರೆ ಪೂರ್ತಿ ಓಟದಲ್ಲಿದೆ, ಹಿಂದಿನ ಮರಗಳು ಗಾಳಿಗೆ ಬಾಗಿವೆ, ಮೋಡ ಹರಿದುಹೋಗಿದೆ. ಎದುರಾಳಿ ಎಲ್ಲಿ? ಚಿತ್ರದಲ್ಲಿ ಇಲ್ಲವೇ ಇಲ್ಲ. ಅವನಿಗೆ ತನ್ನ ಮಾತು ಮುಂದೆ ಹೋಗಬೇಕು, ಅಷ್ಟೇ. ಎದುರಿಗೆ ಹೆಂಡತಿ ಇದ್ದಾಳೋ ಗೋಡೆ ಇದೆಯೋ ಅವನ ಗಮನಕ್ಕೇ ಬರಲ್ಲ. ಈ ಡೆಕ್ ರೂಪಿಸಿ ಅದರ ಅರ್ಥಗಳನ್ನ ಬರೆದ ವೇಟ್ ಈ ನೈಟ್‌ನನ್ನ ವೀರಗಾಥೆಗಳ ನಾಯಕನಿಗೆ ಹೋಲಿಸಿದ್ದಾರೆ, ಖಳನಿಗಲ್ಲ. ಕೋಪ, ವೈರ, ನಾಶ ಅನ್ನೋ ಅರ್ಥಗಳ ಜೊತೆಗೇ ಶೌರ್ಯ, ಚಾಕಚಕ್ಯತೆ, ರಕ್ಷಣೆ ಅಂತಾನೂ ಪಟ್ಟಿ ಮಾಡಿದ್ದಾರೆ.

ಫೈವ್‌ನಲ್ಲಿರೋನು ನಿಂತಿದ್ದಾನೆ. ಜಗಳ ಮುಗಿದಿದೆ. ಅವನು ತಿರುಗಿ ನೋಡ್ತಿರೋದು ಸೋತವರನ್ನ. ಆ ನೋಟವೇ ಕಾರ್ಡಿನ ಜೀವ. ಸೋತವರು ಸೋತಿದ್ದೀವಿ ಅಂತ ಒಪ್ಪಿಕೊಂಡರೇ ಇಲ್ಲವೇ ಅಂತ ಅವನಿಗೆ ಖಾತ್ರಿ ಆಗಬೇಕು.

ಹಾಗಾಗಿ ಸಂಗಾತಿ "ಗೆಲ್ಲೋಕೆ" ವಾದ ಮಾಡ್ತಾನಾ ಇಲ್ಲಾ "ಬಿಸಿಯಲ್ಲಿ" ವಾದ ಮಾಡ್ತಾನಾ ಅಂತ ಗೊತ್ತಾಗಬೇಕಾದ್ರೆ ಜಗಳದ ಮಾರನೇ ದಿನದ ಬಗ್ಗೆ ಕೇಳಿ. ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಹಾಗೆ "ತಿಂಡಿ ಏನು?" ಅಂತ ಬಂದ್ರೆ ಅವನು ನೈಟ್. ಅವನಿಗೆ ನೆನಪೇ ಇಲ್ಲ, ಇವಳಿಗೆ ಮರೆಯೋಕಾಗಲ್ಲ. ಅದೇ ಬೆಳಿಗ್ಗೆ "ಈಗಲಾದ್ರೂ ಗೊತ್ತಾಯ್ತಾ?" ಅಂದ್ರೆ, ಅಥವಾ ಆರು ತಿಂಗಳ ಹಿಂದೆ ಇವಳು ನಂಬಿ ಹೇಳಿದ ಮಾತನ್ನ ಸಾಕ್ಷಿಯಾಗಿ ತೆಗೆದ್ರೆ ಅವನು ಫೈವ್. ಎರಡಕ್ಕೂ ಮದ್ದು ಬೇರೆ ಬೇರೆ.

ಈ ರೀಡಿಂಗ್‌ನಲ್ಲಿ ಗಂಡನ ಜಾಗದಲ್ಲಿ ನೈಟ್ ಇದ್ದಾನೆ. ಅಂದ್ರೆ ಅವನ ರೀತಿ ಬಿರುಸು. ಗೆಲುವಿನ ಲೆಕ್ಕ ಇರೋದು ಅವಳ ಕಡೆ: ಪ್ರತಿ ಮಾತುಕತೆಯೂ ಅವಳೊಳಗೆ ಸೋಲಾಗಿ ದಾಖಲಾಗ್ತಿದೆ. ಆ ದಾಖಲೆ ತಪ್ಪು ಅಂತಲ್ಲ, ಅವಳಿಗೆ ಆಗ್ತಿರೋದು ಅದೇ.

ಸಂಜೆಬಿಸಿಲು
ಹಳೇ ಡೆಕ್ ಸರ್, ಮಾರನೇ ದಿನದ ವಿಚಾರ ಕೇಳಿದ್ದೆ. "ಅವರಿಗೆ ನೆನಪೇ ಇರಲ್ಲ, ಅದೇ ನನಗೆ ಉರಿಯೋದು" ಅಂದ್ರು!

ಹಳೇ ಡೆಕ್
ಹಾಗಾದ್ರೆ ನಿಮಗೆ ಉತ್ತರದ ಅರ್ಧ ಭಾಗ ಸಿಕ್ಕಿದೆ.

ಚುಕ್ಕಿರಂಗೋಲಿ
ನನಗೂ ಹೋದ ವಾರ ನೈಟ್ ಆಫ್ ಸ್ವೋರ್ಡ್ಸ್ ಬಂತು. ಹುಡುಗ ಬೇಗ ಬರ್ತಾನೆ ಅಂತ ಅರ್ಥ ಅಲ್ವಾ? ಎಷ್ಟು ದಿನದಲ್ಲಿ ಮದುವೆ ಅಂತ ಹೇಳಬಹುದಾ?

ಮಲೆನಾಡ ಮಳೆ
ಚುಕ್ಕಿ, ಇಲ್ಲಿ ನಡೀತಿರೋ ಮಾತು ಬೇರೆ ಕಣಮ್ಮ. ಒಂದೇ ಕಾರ್ಡಲ್ಲಿ ಮದುವೆ ದಿನ ಹೇಳೋರನ್ನ ನಂಬಬೇಡ. ನೀನು ಕೇಳಿದ ಪ್ರಶ್ನೆ ಏನಿತ್ತು ಅಂತ ಬೇರೆ ಪೋಸ್ಟ್ ಹಾಕು, ನೋಡೋಣ.

ತೆಂಕಣ ಗಾಳಿ
ದಿಕ್ಕಿನ ಬಗ್ಗೆ ಯಾರೂ ಹೇಳಿಲ್ಲ. ಈ ಡೆಕ್‌ನಲ್ಲಿ ಕತ್ತಿ ನೈಟ್ ನಮ್ಮ ಎಡಕ್ಕೆ ಓಡ್ತಾನೆ. ಇಲ್ಲಿ ಅವನು ಬಲಗಡೆ ಬಿದ್ದಿದ್ದಾನೆ, ಫೈವ್ ಎಡಗಡೆ ಇದೆ. ಅಂದ್ರೆ ನೇರ ಫೈವ್ ಮೇಲೇ ನುಗ್ಗಿ ಬರ್ತಿದ್ದಾನೆ. ಜಾಗ ಅದಲುಬದಲಾಗಿದ್ರೆ ಫೈವ್‌ಗೆ ಬೆನ್ನು ಹಾಕಿ ಹೊರಗೆ ಓಡ್ತಿದ್ದ. ಆಗ ನಾನು "ಜಗಳ ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿ ಹೋಗೋ ಗಂಡ" ಅಂತ ಓದ್ತಿದ್ದೆ. ಇಲ್ಲಿ ಹಾಗಲ್ಲ, ಹಿಂದೆ ಬಿದ್ದು ಮಾತಾಡೋನು. ಹೆಂಡತಿ ಅಡುಗೆಮನೆಗೆ ಹೋದ್ರೆ ಅಲ್ಲಿಗೂ ಬಂದು ಮುಂದುವರಿಸ್ತಾನಾ ಅಂತ ಕೇಳಿ ನೋಡಿ.

ಸಂಜೆಬಿಸಿಲು
ಬಾತ್‌ರೂಮ್ ಬಾಗಿಲ ಹೊರಗೆ ನಿಂತೂ ಮಾತಾಡ್ತಾರಂತೆ.

ನೀಲಿ ಸೀರೆ
ನನ್ನ ಗಂಡಂದೂ ಇದೇ ಕಥೆ. ನಾನು ಎಳೆದಾಗ ಅವರ ಜಾಗಕ್ಕೆ ಫೈವ್ ಉಲ್ಟಾ ಬಂತು. ಉಲ್ಟಾ ಅಂದ್ರೆ ರಾಜಿ ಆಗುತ್ತೆ ಅಂತ ಒಂದು ಕಡೆ ಓದಿದೆ, ಹಾಗೇ ಕಾಯ್ತಾ ಇದ್ದೀನಿ.

ಹಳೇ ಡೆಕ್
ನೀಲಿ ಸೀರೆ ಅವರೇ, ಅದನ್ನ ಹಿಡಿದು ಕಾಯಬೇಡಿ. ಫೈವ್ ಉಲ್ಟಾ ಅಂದ್ರೆ ರಾಜಿ ಅನ್ನೋದು ಈಚಿನ ಪುಸ್ತಕಗಳಲ್ಲಿ ಹರಡಿದ ಓದು. ವೇಟ್ ಕೊಟ್ಟಿರೋದು ನೇರಕ್ಕೆ ಏನೋ ಉಲ್ಟಾಗೂ ಅದೇ, ಜೊತೆಗೆ ಶವಸಂಸ್ಕಾರ. ಆಗಿಹೋದದ್ದನ್ನ ಹೂಳೋದು ಅಂತ ಅದನ್ನ ತಗೋಬಹುದು. ಆದ್ರೆ ಹೂತದ್ದು ಮುಗಿದಿದೆಯೋ ಇಲ್ಲಾ ಮೇಲೆ ಮಣ್ಣು ಮಾತ್ರ ಎಳೆದಿದೆಯೋ ಅಂತ ಸುತ್ತಲಿನ ಕಾರ್ಡು ಹೇಳಬೇಕು. ಪಕ್ಕದಲ್ಲಿ ಸಿಕ್ಸ್ ಆಫ್ ಸ್ವೋರ್ಡ್ಸ್‌ನ ದೋಣಿಯೋ ಟೆಂಪರೆನ್ಸೋ ಇದ್ರೆ ರಾಜಿ ಅಂತ ಒಪ್ಪಬಹುದು. ಟೂ ಆಫ್ ಸ್ವೋರ್ಡ್ಸ್ ಇದ್ರೆ ಮಾತು ನಿಂತಿದೆ, ಜಗಳ ನಿಂತಿಲ್ಲ.

ಮಲೆನಾಡ ಮಳೆ
ಇಲ್ಲಿ ನಾನು ಒಪ್ಪಲ್ಲ. ವೇಟ್ ಬರೆದದ್ದೇ ಕೊನೆ ಮಾತು ಅಂತಾದ್ರೆ ನೈಟ್‌ನಲ್ಲಿ ಸಾವಿನ ಸೂಚನೆ ಇದೆ ಅಂತಾನೂ ಹೇಳಬೇಕಾಗುತ್ತೆ. ಕಾರ್ಡನ್ನ ತಲೆಕೆಳಗೆ ಮಾಡಿದಾಗ ನೆಲದ ಮೇಲಿನ ಎರಡು ಕತ್ತಿ ಮೇಲೆ ಬರುತ್ತೆ. ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತೆ. ಪಶ್ಚಾತ್ತಾಪ ಶುರುವಾಗಿದೆ ಅಂತ ಓದೋಕೆ ಚಿತ್ರವೇ ಆಧಾರ ಕೊಡುತ್ತೆ.

ಹಳೇ ಡೆಕ್
ಸಾವಿನ ಮಾತಿಗೆ ವೇಟ್ ಅಲ್ಲೇ ಕಡಿವಾಣ ಹಾಕಿದ್ದಾರೆ: ಪಕ್ಕದಲ್ಲಿ ಅಂಥದ್ದೇ ಕಾರ್ಡುಗಳಿದ್ರೆ ಮಾತ್ರ. ಪಶ್ಚಾತ್ತಾಪ ಅನ್ನೋದು ನಿಮ್ಮ ಓದು, ನಾನು ಅಷ್ಟು ದೂರ ಹೋಗಲ್ಲ.

ಕಾಫಿಗಿಡ
ಕತ್ತಿ ವಿಚಾರ ಬಂತಲ್ಲ, ಕೇಳಿ. ಅವನ ಹತ್ರ ಇರೋ ಮೂರು ಕತ್ತೀಲಿ ಎರಡು ಸೋತವರಿಂದ ಕಿತ್ಕೊಂಡಿದ್ದು. ಅಂದ್ರೆ ಹೆಂಡತಿ ಮಾತನ್ನೇ ಹೆಂಡತಿ ಮೇಲೆ ಎತ್ತೋನು.

ತೆಂಕಣ ಗಾಳಿ
ಹಾಗಲ್ಲ ಗುರು. ಸೋತವರ ಕತ್ತಿ ನೆಲದ ಮೇಲಿದೆ ಅಂತ ವೇಟ್ ಬಿಡಿಸಿ ಹೇಳಿದ್ದಾರೆ. ಎಡ ಹೆಗಲ ಮೇಲಿರೋ ಎರಡು ಬೇರೆಯವು, ಬಲಗೈಯಲ್ಲಿರೋದು ಮೂರನೇದು, ಅದರ ಮೊನೆ ನೆಲಕ್ಕೆ. ಆ ಎರಡು ಯಾರವು ಅಂತ ಹೇಳಿಲ್ಲ. ಹಳೇ ಜಗಳಗಳಲ್ಲಿ ಗೆದ್ದು ತಂದದ್ದು ಅಂತ ನಾನು ತಗೋತೀನಿ. ಇವತ್ತಿನ ಜಗಳಕ್ಕೆ ಒಂದು ಸಾಕಾಗಿತ್ತು, ಹಳೇದನ್ನೂ ಹೊತ್ಕೊಂಡು ಬಂದಿದ್ದಾನೆ.

ಕಾಫಿಗಿಡ
ಹೆಗಲ ಮೇಲಿರೋದನ್ನ ಯಾರದ್ದು ಅಂತ ಬರೆದಿಲ್ಲ ಅಂದ್ರೆ ಕಿತ್ಕೊಂಡಿದ್ದು ಅಂತಾನೂ ಓದಬಹುದು. ನನ್ನ ಓದು ನನಗಿರಲಿ.

ತೆಂಕಣ ಗಾಳಿ
ಆಗ್ಲಿ. ಇಬ್ಬರ ಓದೂ "ಹಳೇದನ್ನ ಎತ್ತಿ ಆಡೋದು" ಅನ್ನೋ ಕಡೆಗೇ ಬರುತ್ತೆ ಬಿಡಿ.

ಗ್ರಹಬಲ
ಫೈವ್ ಆಫ್ ಸ್ವೋರ್ಡ್ಸ್‌ಗೆ ಅಧಿಪತಿ ಕುಜ. ಕುಜ ಕೆಟ್ಟರೆ ದಾಂಪತ್ಯದಲ್ಲಿ ಕಲಹ. ಜಾತಕ ತೋರಿಸಿ ಶಾಂತಿ ಮಾಡಿಸಲಿ.

ಹಳೇ ಡೆಕ್
ಗೋಲ್ಡನ್ ಡಾನ್ ಅನ್ನೋ ಹಳೇ ಗೂಢವಿದ್ಯೆ ಸಂಘದ ಲೆಕ್ಕದಲ್ಲಿ ಅದು ಕುಂಭದ ಮೊದಲ ಹತ್ತು ಡಿಗ್ರಿ, ಅಧಿಪತಿ ಶುಕ್ರ. ಪ್ರೀತಿಯ ಗ್ರಹ ತಣ್ಣನೆ ತರ್ಕದ ಮನೆಯಲ್ಲಿ ಕೂತಿದೆ. ಅವರು ಆ ಕಾರ್ಡಿಗೆ ಕೊಟ್ಟ ಹೆಸರು ಸೋಲು ಅಂತಲೇ. ಕುಜ ಅಂತ ನಿಮಗೆ ಅನ್ನಿಸಿದ್ದಕ್ಕೂ ಕಾರಣ ಇದೆ, ಅವರ ಪದ್ಧತಿಯಲ್ಲಿ ಐದು ಅನ್ನೋ ಸಂಖ್ಯೆಯೇ ಕುಜನದ್ದು. ಆದ್ರೆ ಈ ಕಾರ್ಡಿನ ಗ್ರಹ ಶುಕ್ರ. ನಮ್ಮ ಜಾತಕಕ್ಕೂ ಇದಕ್ಕೂ ಗಂಟು ಹಾಕಬೇಡಿ, ಎರಡೂ ಬೇರೆ ಪದ್ಧತಿ.

ಒಂಟಿ ದೋಣಿ
ಮಾರ್ಸೇ ಅನ್ನೋ ಹಳೇ ಫ್ರೆಂಚ್ ಡೆಕ್ ಬಳಸೋರು ಏನು ಮಾಡ್ಬೇಕು? ಅದರಲ್ಲಿ ಫೈವ್‌ನಲ್ಲಿ ಮನುಷ್ಯರೇ ಇಲ್ಲ, ನಾಲ್ಕು ಬಾಗಿದ ಕತ್ತಿ, ನಡುವೆ ಒಂದು ನೇರ.

ತೆಂಕಣ ಗಾಳಿ
ಹೌದು, ಈ ಮೂರು ಜನರ ದೃಶ್ಯ 1909ರ ಡೆಕ್‌ಗೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದದ್ದು. ಮಾರ್ಸೇಯಲ್ಲಿ "ಯಾರು ಗೆದ್ದರು" ಅನ್ನೋ ಪ್ರಶ್ನೆ ಚಿತ್ರದಿಂದ ಬರಲ್ಲ. ಅಲ್ಲಿ ನಾನು ನಡುವಿನ ಕತ್ತಿಯನ್ನ ಒಂದು ಹಟ, ಸುತ್ತಲಿನದನ್ನ ಅದನ್ನ ಬಿಗಿದಿಟ್ಟ ಮಾತು ಅಂತ ಓದ್ತೀನಿ. ಬೇರೆಯವರು ಬೇರೆ ತರ ಓದ್ತಾರೆ.

ಧಾರವಾಡ ಪೇಡೆ
ಬೇರಿನ ಕಾರ್ಡ್ ಮರತ್ರಿ ನೀವೆಲ್ಲಾ. ಫೋರ್ ಆಫ್ ಪೆಂಟಕಲ್ಸ್!

ಕಾಫಿಗಿಡ
ಜಿಪುಣ. ಅದರಲ್ಲಿ ಏನಿದೆ ಓದೋಕೆ.

ಮಲೆನಾಡ ಮಳೆ
ಜಿಪುಣ ಅಂತ ಮುಗಿಸಿದ್ರೆ ಆ ಹೆಣ್ಣುಮಗಳು ಮನೆಗೆ ಹೋಗಿ ಗಂಡನಿಗೆ "ನೀನು ಜಿಪುಣ ಅಂತ ಕಾರ್ಡಲ್ಲೂ ಬಂತು" ಅಂತಾಳೆ, ಇನ್ನೊಂದು ಜಗಳ ಶುರು.

ಚಿತ್ರದಲ್ಲಿ ಒಂದು ನಾಣ್ಯ ತಲೆ ಮೇಲೆ, ಒಂದು ಎದೆಗೆ ಅವಚಿಕೊಂಡದ್ದು, ಎರಡು ಪಾದದ ಕೆಳಗೆ. ಈ ಮನುಷ್ಯ ಏಳೋ ಹಾಗೇ ಇಲ್ಲ. ಎದ್ದರೆ ಒಂದು ಬೀಳುತ್ತೆ. ಈಗ ಮೇಲೆ ಓಡ್ತಿರೋ ನೈಟ್ ಜೊತೆ ಸೇರಿಸಿ ನೋಡಿ: ಮಾತಲ್ಲಿ ಅಷ್ಟು ಓಟ, ಬುಡದಲ್ಲಿ ಒಂದಿಂಚೂ ಅಲುಗಾಡಲ್ಲ. ಊರಿಗೆ ಕಳಿಸೋ ದುಡ್ಡು ಅಂದ್ರಲ್ಲ, ಅದನ್ನ ಚರ್ಚೆಗೆ ಬಿಟ್ಟುಕೊಟ್ಟರೆ ತನ್ನ ಕಾಲ ಕೆಳಗಿನದ್ದೇ ಜಾರುತ್ತೆ ಅನ್ನೋ ಭಯ ಇರಬಹುದು. ಅದಕ್ಕೇ ವಿಷಯ ಅಲ್ಲಿಗೆ ಮುಟ್ಟೋ ಮೊದಲೇ ಮಾತಲ್ಲಿ ಹೊಡೆದುರುಳಿಸ್ತಾನೆ.

ಇದು ಗಂಡನ ಮನಸ್ಸಿನ ಬಗ್ಗೆ ನಮ್ಮ ಊಹೆ ಮಾತ್ರ, ಅವನು ಎದುರಿಗಿಲ್ಲ. ಹಾಗಾಗಿ ತೀರ್ಪಿನ ತರ ಹೇಳಬೇಡಿ. "ಹಿಂದಿನ ಮೂರು ಜಗಳಗಳಲ್ಲಿ ಮೊದಲ ವಾಕ್ಯ ಯಾರದ್ದು, ಏನಿತ್ತು?" ಅಂತ ಕೇಳಿ, ಸಾಧ್ಯ ಆದ್ರೆ ಬರೆಸಿಕೊಳ್ಳಿ. "ಎಷ್ಟು ಕಳಿಸಿದ್ರಿ?" ಅಂತ ಲೆಕ್ಕ ಕೇಳೋ ವಾಕ್ಯ ಮತ್ತೆ ಮತ್ತೆ ಬಂದ್ರೆ ಬೇರು ಸರಿಯಾಗೇ ಬಿದ್ದಿದೆ. ಬೇರೆ ಬೇರೆ ವಿಷಯ ಇದ್ರೆ ಈ ಓದನ್ನ ಬಿಟ್ಟುಬಿಡಿ.

ಹಳೇ ಡೆಕ್
ಸೇರಿಸೋದು ಒಂದಿದೆ. ಕತ್ತಿ ಕಾರ್ಡುಗಳದ್ದು ಗಾಳಿ ತತ್ವ, ಪೆಂಟಕಲ್ಸ್ ಅಂದ್ರೆ ನಾಣ್ಯದ ಕಾರ್ಡುಗಳದ್ದು ಮಣ್ಣು. ಗಾಳಿ, ಮಣ್ಣು ಎರಡಕ್ಕೂ ಆಗಿಬರಲ್ಲ, ಒಂದನ್ನೊಂದು ಕುಂದಿಸುತ್ತೆ. ಮೇಲೆ ಎರಡು ಗಾಳಿ ಕಾರ್ಡು ಅಬ್ಬರಿಸ್ತಿವೆ, ಕೆಳಗೆ ಒಂದೇ ಮಣ್ಣು. ನನ್ನ ಓದು: ಜಗಳದ ಓಟದಲ್ಲಿ ದುಡ್ಡಿನ ಮಾತು ಯಾವತ್ತೂ ಮುಗಿಯಲ್ಲ. ಅದನ್ನ ಬೇರೆ ಹೊತ್ತಲ್ಲಿ, ಕಾಗದದ ಮೇಲೆ, ಅಂಕಿ ಬರೆದು ಮಾಡಬೇಕು. ಸಲಹೆ ಕಾರ್ಡೂ ಅದನ್ನೇ ಹೇಳ್ತಿದೆ.

ಸಂಜೆಬಿಸಿಲು
ಸಲಹೆಯಲ್ಲೇ ನಾನು ಸಿಕ್ಕಿಹಾಕ್ಕೊಂಡಿರೋದು. ಫೋರ್ ಆಫ್ ಸ್ವೋರ್ಡ್ಸ್ ಅಂದ್ರೆ ವಿಶ್ರಾಂತಿ, ಮೌನ. "ಸುಮ್ಮನಿರಿ" ಅಂತ ಹೇಳಲಾ? ಅವರು ಮೊದಲೇ ಸೋತು ಸುಮ್ಮನಿದ್ದಾರೆ.

ಹಳೇ ಡೆಕ್
ಖಂಡಿತ ಬೇಡ. ಎರಡು ಕಾರ್ಡನ್ನೂ ಅಕ್ಕಪಕ್ಕ ಇಡಿ. ಫೈವ್‌ನಲ್ಲಿ ಮೂರು ಕತ್ತಿ ಗೆದ್ದವನ ಹತ್ರ ಇದೆ, ಎರಡು ನೆಲದಲ್ಲಿ. ಫೋರ್‌ನಲ್ಲಿ ಮಲಗಿದ ಯೋಧನ ಮೇಲೆ ಗೋಡೆಗೆ ಮೂರು ಕತ್ತಿ, ಅವನ ಕೆಳಗೆ ಒಂದು. ಯಾರ ಕೈಯಲ್ಲೂ ಕತ್ತಿ ಇಲ್ಲ. ಅಂದ್ರೆ ಇಬ್ಬರೂ ಕೆಳಗಿಟ್ಟಿರಬೇಕು. ಒಬ್ಬಳೇ ಸುಮ್ಮನಾದ್ರೆ ಅದು ಇನ್ನೂ ಫೈವ್, ಬೆನ್ನು ತಿರುಗಿಸಿ ಹೋದವಳು.

ಅವರಿಗೆ ಹೀಗೆ ಹೇಳಿ. ಜಗಳ ಇಲ್ಲದ ದಿನ, ಊಟ ಆದಮೇಲೆ, ಒಂದು ಒಪ್ಪಂದ ಮಾಡಿಕೊಳ್ಳಲಿ: ಧ್ವನಿ ಏರಿದ ಕೂಡಲೇ ಇಬ್ಬರಲ್ಲಿ ಯಾರು ಬೇಕಾದ್ರೂ "ಈಗ ಸಾಕು, ಒಂಬತ್ತು ಗಂಟೆಗೆ ಮುಂದುವರಿಸೋಣ" ಅನ್ನಬಹುದು. ಗಂಟೆ ಹೇಳಲೇಬೇಕು. ಗಂಟೆ ಹೇಳದೆ ಎದ್ದರೆ ನೈಟ್‌ಗೆ ಅದು ಓಡಿಹೋದ ಹಾಗೆ ಕಾಣುತ್ತೆ, ಹಿಂದೆ ಬೀಳ್ತಾನೆ, ಬಾತ್‌ರೂಮ್ ಬಾಗಿಲಿಗೆ ಬರ್ತಾನೆ. ಬಿಡುವು ಇಪ್ಪತ್ತು ನಿಮಿಷಕ್ಕಿಂತ ಕಮ್ಮಿ ಆದ್ರೆ ಬಿಸಿ ಆರಲ್ಲ, ಮಾರನೇ ದಿನ ದಾಟಿದ್ರೆ ಅವನು ಮರೀತಾನೆ, ಅವಳು ಮರೆಯಲ್ಲ. ಹೇಳಿದ ಹೊತ್ತಿಗೆ ವಿಷಯ ತೆಗೆಯೋ ಜವಾಬ್ದಾರಿ ನಿಲ್ಲಿಸಿ ಅಂದವರದ್ದು. ಇದು ತಪ್ಪಿದ್ರೆ ಇಡೀ ಒಪ್ಪಂದ ಬಿದ್ದುಹೋಗುತ್ತೆ.

ತೆಂಕಣ ಗಾಳಿ
ಮತ್ತೆ ಆ ಮೂರು ಎಕ್ಸ್‌ಟ್ರಾ ಕಾರ್ಡು ಎತ್ತಿಡಿ ಸಂಜೆಬಿಸಿಲು ಅವರೇ. ಒಂದಕ್ಕೊಂದು ಹೊಂದಲ್ಲ, ಯಾಕಂದ್ರೆ ಅವಕ್ಕೆ ಪ್ರಶ್ನೆಯೇ ಇರಲಿಲ್ಲ. ಎಳೀಲೇಬೇಕು ಅಂದ್ರೆ ಒಂದೇ ಎಳೀರಿ, ಅದಕ್ಕೂ ಮೊದಲೇ ಪ್ರಶ್ನೆ ಬರೆದಿಟ್ಟು: "ಈ ಒಪ್ಪಂದ ಎಲ್ಲಿ ಮುರಿಯಬಹುದು?" ಅನ್ನೋ ತರ.

ನೀಲಿ ಸೀರೆ
ಒಪ್ಪಂದ ಮಾಡೋಕೆ ಹೋದ್ರೆ ಅದರ ಬಗ್ಗೇನೇ ವಾದ ಶುರು ಮಾಡ್ತಾರೆ ನಮ್ಮನೇಲಿ. ಬಾಗಿಲಿಗೆ ಅಡ್ಡ ನಿಲ್ತಾರೆ. ಫೋನ್ ಕಿತ್ಕೋತಾರೆ.

ಮಲೆನಾಡ ಮಳೆ
ನೀಲಿ ಸೀರೆ, ಬಾಗಿಲಿಗೆ ಅಡ್ಡ ನಿಲ್ಲೋದು, ಫೋನ್ ಕಿತ್ಕೊಳ್ಳೋದು ವಾದ ಅಲ್ಲ ಕಣಮ್ಮ. ಇದನ್ನ ಯಾವ ಕಾರ್ಡಿಂದಲೂ ಓದೋಕೆ ಹೋಗಬೇಡ, ಒಪ್ಪಂದದ ಸಲಹೆಯೂ ನಿನಗಲ್ಲ. ಮಹಿಳಾ ಸಹಾಯವಾಣಿ 181, ತಕ್ಷಣ ಬೇಕಾದ್ರೆ 112. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತ ಮಾತ್ರ ಅಲ್ಲ, ಮಾತಿನ, ಮಾನಸಿಕ ಹಿಂಸೆಯೂ ಸೇರಿದೆ. ನನಗೆ ಮೆಸೇಜ್ ಹಾಕು, ಸುರಕ್ಷಿತವಾದ ಫೋನ್‌ನಿಂದ.

ಸಂಜೆಬಿಸಿಲು, ನೀವೂ ನಿಮ್ಮವರನ್ನ ಇದನ್ನೇ ಕೇಳಿ: ಅವನಿಗೆ ಹೆದರ್ತೀರಾ? ಹೌದು ಅಂದ್ರೆ ಕಾರ್ಡು ಮಡಚಿಡಿ.

ಸಂಜೆಬಿಸಿಲು
ಮೊದಲ ದಿನವೇ ಕೇಳಿದ್ದೆ ಅಕ್ಕ. ಹೆದರಿಕೆ ಇಲ್ಲ, ಸುಸ್ತು ಅಂದ್ರು. ಫೈವ್ ಕೈಗೆ ಕೊಟ್ಟು ನೀವು ಹೇಳಿದ ಹಾಗೇ ಕೇಳಿದೆ. ತುಂಬಾ ಹೊತ್ತು ನೋಡಿ, ಬೆನ್ನು ತಿರುಗಿಸಿದವನ ಮೇಲೆ ಬೆರಳಿಟ್ಟರು. "ಹೋಗ್ತಾ ಇದ್ದೀನಿ, ಆದ್ರೆ ಕತ್ತಿ ಅಲ್ಲೇ ಬಿಟ್ಟಿದ್ದೀನಿ" ಅಂದ್ರು. ಇದನ್ನ ಹೇಗೆ ತಗೊಳ್ಳಲಿ?

ಧಾರವಾಡ ಪೇಡೆ
ಆ ಕತ್ತಿ ಅಂದ್ರ ಏನಂತ ಕೇಳ್ರಿ. ಯಾವ ಮಾತು ಹೇಳದ ಬಿಟ್ಟು ಬಂದ್ರು? ಆ ಒಂದು ಮಾತನ್ನ ಹಾಳ್ಯಾಗ ಬರಕೊಂಡು ಒಂಬತ್ತು ಗಂಟೆಗೆ ಅದರಿಂದನ ಶುರು ಮಾಡ್ಲಿ.

ಕಾಫಿಗಿಡ
ಗಂಡ ಒಂಬತ್ತಕ್ಕೂ ಕುದುರೆ ಓಡಿಸ್ಕೊಂಡು ಬಂದ್ರೆ?

ಹಳೇ ಡೆಕ್
ಬರ್ತಾನೆ, ಮೊದಮೊದಲು ಬಂದೇ ಬರ್ತಾನೆ. ಅದಕ್ಕೇ ಆ ಹೊತ್ತಲ್ಲಿ ಒಂದೇ ವಿಷಯ, ಕಾಗದದ ಮೇಲೆ ತಿಂಗಳ ಲೆಕ್ಕ, ಬರೆಯೋ ಪೆನ್ನು ಅವನ ಕೈಗೆ. ಬರೀತಾ ಬರೀತಾ ಓಡಿಸೋಕಾಗಲ್ಲ. ಒಂದು ತಿಂಗಳು ಹೀಗೆ ನಡೆಸಿ, ಆಮೇಲೆ ಬೇಕಾದ್ರೆ ಮತ್ತೆ ಕಾರ್ಡು ಎಳೀರಿ. ಅದಕ್ಕೂ ಮುಂಚೆ ಇದೇ ಪ್ರಶ್ನೆಗೆ ಎಳೀಬೇಡಿ.